ಬಂಡೆಗೆ ಎರಡು ಶಿಲ್ಲಿಂಗ್

ಇಂಗ್ಲೆಂಡಿನ ಡಡ್ಲಿ ಎಂಬ ಪಟ್ಟಣದ ಆಡಳಿತ ಮಂಡಳಿ 1950ರ ದಶಕದಲ್ಲಿ ಒಂದು ಕಟ್ಟಡದ ಕೆಲಸವನ್ನು ಪಾರ್ಸನ್ಸ್ ಅಂಡ್ ಮಾರಿನ್ ಎಂಬ ಗುತ್ತಿಗೆದಾರರಿಗೆ ಕೊಟ್ಟಿತ್ತು. ಬುನಾದಿ ಅಗೆಯುವಾಗ ಅಲ್ಲಲ್ಲಿ ಬಂಡೆ ಸಿಗಬಹುದೆಂದು ಮೊದಲೇ ಅಂದಾಜಿಸಿ, ಬಿ.ಒ.ಕ್ಯೂ.ನಲ್ಲಿ ಅದಕ್ಕೊಂದು ಸಾಲು ಇಟ್ಟಿದ್ದರು: ಬಂಡೆಯಲ್ಲಿ ಅಗೆತ, 750 ಘನ ಗಜ. ಗುತ್ತಿಗೆದಾರರು ಅದರ ಎದುರು 75 ಪೌಂಡ್ ಎಂದು ಬರೆದರು. ಆಗ ಪೌಂಡಿಗೆ 20 ಶಿಲ್ಲಿಂಗ್. ಅಂದರೆ ಒಂದು ಘನ ಗಜಕ್ಕೆ ಬರೀ ಎರಡು ಶಿಲ್ಲಿಂಗ್. ಬಂಡೆ ಒಡೆಯುವ ನಿಜವಾದ ಖರ್ಚಿನ ಮುಂದೆ ಅದು ಏನೇನೂ ಅಲ್ಲ.

ಅಗೆತ ಶುರುವಾಯಿತು. ನೆಲದಡಿ ಸಿಕ್ಕಿದ್ದು 750 ಅಲ್ಲ, 2,230 ಘನ ಗಜ ಬಂಡೆ.

ಕೆಲಸದ ಮೌಲ್ಯ ಕಟ್ಟಬೇಕಾಗಿದ್ದ ಆರ್ಕಿಟೆಕ್ಟ್ ನ್ಯಾಯವಾದ ದಾರಿಯೊಂದನ್ನು ಹುಡುಕಿದರು. ಮೊದಲ 750 ಗಜಕ್ಕೆ ಬರೆದುಕೊಟ್ಟ ಎರಡು ಶಿಲ್ಲಿಂಗ್, ಹೆಚ್ಚುವರಿಯಾಗಿ ಬಂದ 1,480 ಗಜಕ್ಕೆ ತಲಾ ಎರಡು ಪೌಂಡ್. ಹಾಗೆ ಲೆಕ್ಕ ಹಾಕಿದರೆ ಹೆಚ್ಚುವರಿ ಬಂಡೆಗೆ 2,960 ಪೌಂಡ್ ಸಿಗುತ್ತದೆ. ಎರಡು ಶಿಲ್ಲಿಂಗ್ ಲೆಕ್ಕದಲ್ಲಾದರೆ ಬರೀ 148 ಪೌಂಡ್. ವ್ಯಾಜ್ಯ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. 1959ರಲ್ಲಿ ನ್ಯಾಯಾಲಯ ಹೇಳಿದ್ದು: ಹೆಚ್ಚುವರಿ ಬಂಡೆಗೂ ಎರಡೇ ಶಿಲ್ಲಿಂಗ್. ದರ ಎಷ್ಟೇ ತಪ್ಪಾಗಿರಲಿ, ಅದು ಒಪ್ಪಿಕೊಂಡ ದರ.

ಬಿ.ಒ.ಕ್ಯೂ. ಎಂದರೇನು ಎಂದು ಸೈಟಿಗೆ ಹೊಸದಾಗಿ ಬಂದ ಎಂಜಿನಿಯರನ್ನು ಕೇಳಿದರೆ ‘ಕೆಲಸಗಳ ಪಟ್ಟಿ’ ಎನ್ನುತ್ತಾರೆ. ಹತ್ತು ವರ್ಷ ಆರ್.ಎ. ಬಿಲ್ ಮಾಡಿದವರನ್ನು ಕೇಳಿದರೂ ಹೆಚ್ಚುಕಡಿಮೆ ಅದೇ ಉತ್ತರ. ಆದರೆ ಡಡ್ಲಿಯ ಬಂಡೆ ತೋರಿಸುವುದು ಬೇರೆಯದೇ ಸಂಗತಿಯನ್ನು. ಆ ಪಟ್ಟಿಯ ಒಂದೊಂದು ಸಾಲಿನಲ್ಲೂ ಒಟ್ಟಿಗೆ ಕೂತಿರುವುದು ಒಂದು ಊಹೆ ಮತ್ತು ಒಂದು ಮಾತು. ಪ್ರಮಾಣ ಊಹೆ, ದರ ಕೊಟ್ಟ ಮಾತು. ಊಹೆ ಸುಳ್ಳಾದರೂ ಮಾತು ಉಳಿಯುತ್ತದೆ. ಹಾಗಾದರೆ ಆ ಮಾತು ಮುರಿಯುವುದು ಯಾವಾಗ? ವೇರಿಯೇಷನ್ ಎಂಬ ಪದದ ಸುತ್ತ ಇರುವ ಷರತ್ತುಗಳೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹೇಳಲೆಂದೇ ಹುಟ್ಟಿದವು.

ಕರ್ನಾಟಕದ ಲೋಕೋಪಯೋಗಿ ಕಾಮಗಾರಿಗಳಲ್ಲಿ ಪಳಗಿದ ಎಂಜಿನಿಯರಿಗೆ ಎಂ.ಬಿ., ಎಸ್.ಆರ್. ದರ, ಎಕ್ಸ್‌ಟ್ರಾ ಐಟಂ ಇವೆಲ್ಲ ಮನೆಮಾತು. ಅದೇ ಎಂಜಿನಿಯರ್ ವಿಶ್ವಬ್ಯಾಂಕಿನಂಥ ಸಂಸ್ಥೆಗಳ ಸಾಲದಲ್ಲಿ ನಡೆಯುವ ದೊಡ್ಡ ಕಾಮಗಾರಿಗೋ ಕೊಲ್ಲಿ ದೇಶದ ಸೈಟಿಗೋ ಹೋದಾಗ ಕೈಗೆ ಬರುವುದು ಸಾಮಾನ್ಯವಾಗಿ ಫಿಡಿಕ್ ಮಾದರಿಯ ಇಂಗ್ಲಿಷ್ ಒಪ್ಪಂದ. ಫಿಡಿಕ್ ಎಂಬುದು 1913ರಲ್ಲಿ ಹುಟ್ಟಿದ ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ. ‘ಕೆಂಪು ಪುಸ್ತಕ’ ಎಂದೇ ಹೆಸರಾದ ಅದರ ಕಾಮಗಾರಿ ಒಪ್ಪಂದ ಮೊದಲು ಬಂದದ್ದು 1957ರಲ್ಲಿ, ಇಂಗ್ಲೆಂಡಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಷರತ್ತುಗಳನ್ನು ಆಧರಿಸಿ. ಅದರಿಂದಲೇ ಇಂಗ್ಲೆಂಡಿನ ಕಾನೂನಿನ ಪದಗಳು ಇವತ್ತಿಗೂ ಅದರೊಳಗೆ ಹರಿದಾಡುತ್ತಿವೆ. ಈ ಬರಹದಲ್ಲಿ ಹಿಡಿದುಕೊಂಡಿರುವುದು ಅದರ 1999ರ ಆವೃತ್ತಿಯನ್ನು. 2017ರಲ್ಲಿ ಹೊಸ ಆವೃತ್ತಿ ಬಂದಿದ್ದರೂ 1999ರದ್ದು ಇನ್ನೂ ಬಹಳ ಕಡೆ ಬಳಕೆಯಲ್ಲಿದೆ.

ಈ ಪುಸ್ತಕವನ್ನು ಓದುವಾಗ ಕನ್ನಡಿಗರು ಎಡವುವ ಜಾಗವೊಂದಿದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಇಂಗ್ಲಿಷ್ ಒಪ್ಪಂದದಲ್ಲಿ ಅದೇ ಪ್ರಾಣ. ‘ಎಂಜಿನಿಯರ್’ ಎಂಬ ಪದ ದೊಡ್ಡಕ್ಷರದಿಂದ ಶುರುವಾದರೆ, ಅದು ಸೈಟಿನಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತ ಯಾವನೋ ಎಂಜಿನಿಯರ್ ಅಲ್ಲ. ಈ ಒಪ್ಪಂದವನ್ನು ನಿರ್ವಹಿಸಲು ಮಾಲೀಕರು ಹೆಸರಿಸಿ ನೇಮಿಸಿದ ಒಬ್ಬರೇ ವ್ಯಕ್ತಿ ಅಥವಾ ಒಂದೇ ಸಂಸ್ಥೆ. ‘ಕಾಸ್ಟ್’ ದೊಡ್ಡಕ್ಷರದಲ್ಲಿದ್ದರೆ ಗುತ್ತಿಗೆದಾರ ನ್ಯಾಯವಾಗಿ ಮಾಡಿದ ಖರ್ಚು, ಕಚೇರಿ ಮುಂತಾದ ಓವರ್‌ಹೆಡ್ ಸೇರಿ, ಆದರೆ ಲಾಭ ಬಿಟ್ಟು. ‘ವೇರಿಯೇಷನ್’ ದೊಡ್ಡಕ್ಷರದಲ್ಲಿದ್ದರೆ ಆ ಎಂಜಿನಿಯರ್ 13ನೇ ಷರತ್ತಿನಡಿ ಆದೇಶಿಸಿದ ಅಥವಾ ಒಪ್ಪಿದ ಬದಲಾವಣೆ ಮಾತ್ರ. ಸೈಟಿನಲ್ಲಿ ಏನೋ ಬದಲಾಯಿತು ಎಂದ ಮಾತ್ರಕ್ಕೆ ಅದು ವೇರಿಯೇಷನ್ ಆಗುವುದಿಲ್ಲ. ಪುಸ್ತಕದ ಮೊದಲ ಷರತ್ತಿನಲ್ಲಿ ಈ ಪದಗಳ ಅರ್ಥಗಳಿವೆ. ಉಳಿದದ್ದನ್ನು ಓದುವ ಮೊದಲು ಆ ಪುಟಗಳನ್ನು ಓದಬೇಕು. ಹೆಚ್ಚಿನವರು ಅವನ್ನೇ ಮಗುಚಿಬಿಡುತ್ತಾರೆ.

ಈಗ ಬಿ.ಒ.ಕ್ಯೂ.ನ ಒಂದು ಸಾಲು. ವಿವರಣೆ, ಯೂನಿಟ್, ಪ್ರಮಾಣ, ದರ, ಮೊತ್ತ. ಸಾಲಿಗಿಂತ ಮುಂಚೆ ‘ಪ್ರಿಯಾಂಬಲ್’ ಎಂಬ ಒಂದೆರಡು ಪುಟದ ಪೀಠಿಕೆ ಇರುತ್ತದೆ. ಕೆಲಸ ಅಳೆಯುವ ಕ್ರಮ ಯಾವುದು, ದರದೊಳಗೆ ಏನೇನು ಸೇರಿದೆ ಎಂಬುದು ಅಲ್ಲಿದೆ. ಅಲ್ಲಿ ಪದೇ ಪದೇ ಬರುವ ಮಾತು ‘ಡೀಮ್ಡ್ ಟು ಇನ್‌ಕ್ಲೂಡ್’. ನಿಘಂಟಿನಲ್ಲಿ ‘ಡೀಮ್ಡ್’ ಎಂದರೆ ಭಾವಿಸಲಾಗಿದೆ. ಒಪ್ಪಂದದಲ್ಲಿ ಅದರ ತೂಕ ಇನ್ನೂ ಹೆಚ್ಚು. ನೀವು ಸೇರಿಸಿದ್ದೀರೋ ಇಲ್ಲವೋ, ಸೇರಿಸಿದ್ದೀರಿ ಎಂದೇ ಲೆಕ್ಕ. ಗುಂಡಿಯ ನೀರು ಹೊರಹಾಕುವುದು, ಪಕ್ಕದ ಮಣ್ಣು ಕುಸಿಯದಂತೆ ಆಸರೆ ಕೊಡುವುದು, ಅಗೆದ ಮಣ್ಣು ಸಾಗಿಸುವುದು ಅಗೆತದ ದರದಲ್ಲೇ ಸೇರಿವೆ ಎಂದು ಪೀಠಿಕೆಯಲ್ಲಿದ್ದರೆ, ಮಳೆಗಾಲದಲ್ಲಿ ಮೂರು ಪಂಪು ಹಗಲಿರುಳು ಓಡಿದರೂ ಪಂಪಿಗೆಂದು ಪ್ರತ್ಯೇಕ ಬಿಲ್ ಇಲ್ಲ.

ಅಳತೆಯ ವಿಷಯದಲ್ಲೂ ಇಂಥದೇ ಗಟ್ಟಿತನವಿದೆ. ಫಿಡಿಕ್‌ನ 12ನೇ ಷರತ್ತು, ಒಪ್ಪಂದದಲ್ಲಿ ಬೇರೆ ಹೇಳದಿದ್ದರೆ, ಸ್ಥಳೀಯ ರೂಢಿ ಏನೇ ಇರಲಿ, ಕಾಯಂ ಕೆಲಸದ ‘ನೆಟ್’ ಪ್ರಮಾಣವನ್ನೇ ಅಳೆಯಬೇಕು ಎನ್ನುತ್ತದೆ. ಎರಡು ಮೀಟರ್ ಚೌಕದ ಫುಟಿಂಗ್, ಒಂದೂವರೆ ಮೀಟರ್ ಆಳ. ಷಟರಿಂಗ್ ಕಟ್ಟುವವರಿಗೆ ಜಾಗ ಬೇಕೆಂದು ಸೈಟಿನಲ್ಲಿ ಮೂರು ಮೀಟರ್ ಚೌಕದ ಗುಂಡಿ ತೋಡುತ್ತಾರೆ. ಅಗೆದದ್ದು 13.5 ಘನ ಮೀಟರ್, ನೆಟ್ ಲೆಕ್ಕದಲ್ಲಿ ಸಿಗುವುದು 6. ಅರ್ಧಕ್ಕಿಂತ ಹೆಚ್ಚು ಮಣ್ಣಿಗೆ ನೇರ ಹಣವಿಲ್ಲ. ಟೆಂಡರ್ ಹಾಕಿದವರಿಗೆ ಇದು ಗೊತ್ತಿದ್ದರೆ 6 ಘನ ಮೀಟರಿನ ದರದಲ್ಲೇ 13.5ರ ಖರ್ಚನ್ನು ತುಂಬಿಸಿರುತ್ತಾರೆ. ಗೊತ್ತಿರದಿದ್ದರೆ ಪ್ರತಿ ಗುಂಡಿಯೂ ನಷ್ಟ. ಆ ನಷ್ಟವನ್ನು ವೇರಿಯೇಷನ್ ಎಂದು ಕೇಳಿ ಪಡೆಯಲು ಆಗದು, ಏಕೆಂದರೆ ಯಾರೂ ಏನನ್ನೂ ಬದಲಿಸಿಲ್ಲ.

ಡಡ್ಲಿಯಲ್ಲಿ ಸೋತದ್ದು ಗುತ್ತಿಗೆದಾರ. ದರ ಎಂಬ ಮಾತು ಮಾಲೀಕನನ್ನೂ ಅಷ್ಟೇ ಬಿಗಿಯಾಗಿ ಕಟ್ಟಿಹಾಕುತ್ತದೆ ಎಂಬುದಕ್ಕೆ ಇನ್ನೊಂದು ಪ್ರಕರಣವಿದೆ. ಉತ್ತರ ವೇಲ್ಸ್‌ನ ಕಾನಾಸ್ ಕೀ ಎಂಬಲ್ಲಿ ಅನಿಲದಿಂದ ವಿದ್ಯುತ್ ಉತ್ಪಾದಿಸುವ ಸ್ಥಾವರ ಕಟ್ಟುತ್ತಿದ್ದರು. ಸಿವಿಲ್ ಕೆಲಸ ಹೆನ್ರಿ ಬೂಟ್ ಕಂಪನಿಯದು, ಕೆಲಸ ಕೊಟ್ಟದ್ದು ಆಲ್‌ಸ್ಟಾಮ್. ಕಂದಕ ಕುಸಿಯದಂತೆ ತಾತ್ಕಾಲಿಕವಾಗಿ ಹೊಡೆಯುವ ಶೀಟ್ ಪೈಲಿಂಗ್‌ಗೆ ಹೆನ್ರಿ ಬೂಟ್ ಸುಮಾರು ಎರಡೂವರೆ ಲಕ್ಷ ಪೌಂಡ್ ಬೆಲೆ ಕೊಟ್ಟಿತ್ತು. ಲೆಕ್ಕದಲ್ಲಿ ತಪ್ಪಾಗಿ ಆ ಬೆಲೆ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಒಪ್ಪಂದ ಆಗಿಹೋಯಿತು. ಮುಂದೆ ಸ್ಥಾವರದ ಬೇರೆ ಭಾಗಗಳಲ್ಲೂ ಅದೇ ಬಗೆಯ ಪೈಲಿಂಗ್ ಬೇಕಾಗಿ ಆದೇಶ ಬಂತು. ಹಳೆಯ ದರದಲ್ಲೇ ಹೊಸ ಕೆಲಸದ ಬೆಲೆ ಕಟ್ಟಬೇಕು ಎಂದು ಹೆನ್ರಿ ಬೂಟ್ ಕೇಳಿತು. ದರವೇ ತಪ್ಪಾಗಿರುವಾಗ ಅದನ್ನು ಹೊಸ ಕೆಲಸಕ್ಕೆ ಹಚ್ಚುವುದು ಸಮಂಜಸವಲ್ಲ ಎಂದು ಆಲ್‌ಸ್ಟಾಮ್ ವಾದಿಸಿತು. ಒಪ್ಪಂದದಲ್ಲಿ ‘ಸಮಂಜಸವಾದಷ್ಟರ ಮಟ್ಟಿಗೆ’ ಬಿ.ಒ.ಕ್ಯೂ. ದರಗಳನ್ನು ಆಧಾರವಾಗಿ ಬಳಸಬೇಕು ಎಂಬ ಮಾತೂ ಇತ್ತು.

ಮೊದಲು ಕೇಳಿದ ಮಧ್ಯಸ್ಥಗಾರರಿಗೆ ಆಲ್‌ಸ್ಟಾಮ್ ವಾದ ಸರಿ ಎನಿಸಿತು. ನ್ಯಾಯಾಲಯ ಅದನ್ನು ತಿರುವಿಹಾಕಿತು, 2000ದಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೆನ್ರಿ ಬೂಟ್ ಪರವೇ ನಿಂತಿತು. ಕಾರಣ ಸರಳ. ‘ಸಮಂಜಸ’ ಎಂದು ಪರೀಕ್ಷಿಸಬೇಕಾದದ್ದು ಹಳೆಯ ಕೆಲಸಕ್ಕೂ ಹೊಸ ಕೆಲಸಕ್ಕೂ ಇರುವ ಹೋಲಿಕೆಯನ್ನು. ದರದೊಳಗೆ ಇಣುಕಿ ಅದು ದುಬಾರಿಯೋ ಅಗ್ಗವೋ ಎಂದು ನೋಡಲು ಆ ಪದ ಅನುಮತಿ ಕೊಡುವುದಿಲ್ಲ.

ಡಡ್ಲಿಯ ಬಂಡೆ, ಕಾನಾಸ್ ಕೀಯ ಪೈಲು ಎರಡನ್ನೂ ಜೊತೆಗಿಟ್ಟು ನೋಡಿದರೆ ಸೈಟ್ ಎಂಜಿನಿಯರ್ ಬಿಡಬೇಕಾದ ಒಂದು ಅಭ್ಯಾಸ ಗೊತ್ತಾಗುತ್ತದೆ. ‘ಈ ದರದಲ್ಲಿ ನಮಗೆ ಗಿಟ್ಟುವುದಿಲ್ಲ’ ಎಂದು ಕ್ಲೇಮ್ ಪತ್ರ ಬರೆಯುವುದು. ಗಿಟ್ಟದಿರುವುದು ಕಾರಣವೇ ಅಲ್ಲ. ಕೆಲಸ ಯಾವ ರೀತಿಯಲ್ಲಿ ಬೇರೆಯಾಯಿತು ಎಂದು ತೋರಿಸಿದರೆ ಮಾತ್ರ ದರ ಅಲುಗಾಡುತ್ತದೆ.

ಫಿಡಿಕ್ ಇದನ್ನು ಎರಡು ಬಾಗಿಲುಗಳಾಗಿ ಇಟ್ಟಿದೆ. ಮೊದಲನೆಯದು ಪ್ರಮಾಣದ ಬಾಗಿಲು. ಯಾರ ಆದೇಶವೂ ಇಲ್ಲದೆ, ಅಳೆದಾಗ ಪ್ರಮಾಣವೇ ಬೇರೆ ಬಂದರೂ ಇದು ತೆರೆಯಬಹುದು. ಆದರೆ ನಾಲ್ಕು ಚಿಲಕಗಳಿವೆ. ಅಳೆದ ಪ್ರಮಾಣ ಬಿ.ಒ.ಕ್ಯೂ. ಪ್ರಮಾಣಕ್ಕಿಂತ ಶೇ. 10ಕ್ಕೂ ಹೆಚ್ಚು ವ್ಯತ್ಯಾಸವಾಗಿರಬೇಕು. ಆ ವ್ಯತ್ಯಾಸವನ್ನು ದರದಿಂದ ಗುಣಿಸಿದರೆ ಒಪ್ಪಂದದ ಅಂಗೀಕೃತ ಮೊತ್ತದ ಶೇ. 0.01 ಮೀರಬೇಕು. ಪ್ರಮಾಣ ಬದಲಾದದ್ದರಿಂದಲೇ, ನೇರವಾಗಿ, ಒಂದು ಯೂನಿಟ್ಟಿನ ಖರ್ಚು ಶೇ. 1ಕ್ಕಿಂತ ಹೆಚ್ಚು ಏರಿರಬೇಕು ಅಥವಾ ಇಳಿದಿರಬೇಕು. ಕೊನೆಯದಾಗಿ, ಆ ಐಟಂ ‘ಫಿಕ್ಸೆಡ್ ರೇಟ್ ಐಟಂ’ ಎಂದು ಒಪ್ಪಂದದಲ್ಲಿ ಗುರುತಾಗಿರಬಾರದು. ನಾಲ್ಕೂ ತೆರೆದರೆ ಮಾತ್ರ ಹೊಸ ದರ. ಅಂತರರಾಷ್ಟ್ರೀಯ ಅಭಿವೃದ್ಧಿ ಬ್ಯಾಂಕುಗಳಿಗಾಗಿ ಫಿಡಿಕ್ ರೂಪಿಸಿದ ಆವೃತ್ತಿಯಲ್ಲಿ ಶೇ. 10ರ ಜಾಗದಲ್ಲಿ ಶೇ. 25, ಶೇ. 0.01ರ ಜಾಗದಲ್ಲಿ ಶೇ. 0.25 ಇದೆ. ಹಾಗಾಗಿ ಸಹಿಯಾದ ಪ್ರತಿಯನ್ನು ತೆರೆದು ನೋಡದೆ ‘ಹತ್ತು ಪರ್ಸೆಂಟ್ ದಾಟಿತು’ ಎಂದು ಹೇಳುವುದು ಸಲ್ಲದು.

ಒಂದು ಸೇತುವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಪ್ಪಂದದ ಮೊತ್ತ 50 ಕೋಟಿ ರೂಪಾಯಿ. 1,000 ಮಿಲಿಮೀಟರ್ ವ್ಯಾಸದ ಪೈಲ್, 1,200 ಮೀಟರ್, ಮೀಟರಿಗೆ 9,000 ರೂಪಾಯಿ ದರ. ಗಟ್ಟಿ ನೆಲ ಅಂದುಕೊಂಡದ್ದಕ್ಕಿಂತ ಆಳದಲ್ಲಿ ಸಿಕ್ಕಿ, ಕೊನೆಗೆ ಅಳೆದಾಗ ಬಂದದ್ದು 1,500 ಮೀಟರ್. ವ್ಯತ್ಯಾಸ ಶೇ. 25, ಮೊದಲ ಚಿಲಕ ತೆರೆಯಿತು. ಹೆಚ್ಚಿದ 300 ಮೀಟರಿನ ಬೆಲೆ 27 ಲಕ್ಷ. 50 ಕೋಟಿಯ ಶೇ. 0.01 ಎಂದರೆ 50 ಸಾವಿರ. ಎರಡನೆಯದೂ ತೆರೆಯಿತು.

ಎಲ್ಲರೂ ಜಾರುವುದು ಮೂರನೆಯದರಲ್ಲಿ. ಮೀಟರಿಗೆ ಗುತ್ತಿಗೆದಾರನ ಖರ್ಚು 8,000 ಎನ್ನೋಣ. ಅದರಲ್ಲಿ ರಿಗ್ ಯಂತ್ರವನ್ನು ಸೈಟಿಗೆ ತಂದು, ಜೋಡಿಸಿ, ವಾಪಸ್ ಕಳಿಸುವ 12 ಲಕ್ಷವೂ ಹಂಚಿಹೋಗಿದೆ. 1,200 ಮೀಟರಿಗೆ ಹಂಚಿದಾಗ ಅದು ಮೀಟರಿಗೆ 1,000 ರೂಪಾಯಿ. 1,500 ಮೀಟರಿಗೆ ಹಂಚಿದರೆ 800. ಉಳಿದ ಖರ್ಚು ಹಾಗೇ ಇದ್ದರೆ ಮೀಟರಿನ ಖರ್ಚು 8,000ದಿಂದ 7,800ಕ್ಕೆ ಇಳಿಯಿತು, ಅಂದರೆ ಶೇ. 2.5. ಚಿಲಕ ತೆರೆಯಿತು ನಿಜ, ಆದರೆ ಮಾಲೀಕನ ಕಡೆಗೆ! ಕೆಲಸ ಹೆಚ್ಚಾದದ್ದಕ್ಕೆ ದರ ಇಳಿಯಬೇಕು ಎಂದು ಈಗ ಅವರು ಕೇಳಬಹುದು. ಪ್ರಮಾಣ ಹೆಚ್ಚಾಯಿತು ಎಂದು ಖುಷಿಯಿಂದ ಪತ್ರ ಬರೆಯಲು ಹೊರಟವರು ಇದನ್ನು ಮೊದಲು ತಮ್ಮಷ್ಟಕ್ಕೆ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಬದಲಿಗೆ ಪ್ರಮಾಣ 800 ಮೀಟರಿಗೆ ಕುಸಿದಿದ್ದರೆ ರಿಗ್‌ನ ಪಾಲು ಮೀಟರಿಗೆ 1,500 ಆಗಿ, ಖರ್ಚು 8,500ಕ್ಕೆ ಏರುತ್ತಿತ್ತು. ಆಗ ದರ ಏರಿಸಿ ಎಂದು ಕೇಳುವ ಸರದಿ ಗುತ್ತಿಗೆದಾರನದು.

ಈಗ ಡಡ್ಲಿಗೆ ವಾಪಸ್ ಹೋದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಅಲ್ಲಿ ಬಂಡೆ ಸುಮಾರು ಮೂರು ಪಟ್ಟಾಗಿತ್ತು. ಶೇ. 10ರ ಚಿಲಕ ಯಾವ ಅಡ್ಡಿಯೂ ಇಲ್ಲದೆ ತೆರೆಯುತ್ತಿತ್ತು. ಆದರೂ ಇವತ್ತಿನ ಫಿಡಿಕ್ ಅಡಿಯಲ್ಲಿ ಆ ಗುತ್ತಿಗೆದಾರ ಗೆಲ್ಲುವುದು ಕಷ್ಟ. ಮೊದಲ ಗಜದ ಬಂಡೆಗೂ ಕೊನೆಯ ಗಜದ ಬಂಡೆಗೂ ಒಡೆಯುವ ಖರ್ಚು ಒಂದೇ ಆಗಿದ್ದರೆ, ಬಂಡೆ ಹೆಚ್ಚಾದದ್ದರಿಂದ ಗಜದ ಖರ್ಚು ಏರಿತು ಎಂದು ಹೇಳಲಾಗದು. ಎರಡು ಶಿಲ್ಲಿಂಗ್ ಮೊದಲ ದಿನವೇ ತಪ್ಪಾಗಿತ್ತು. ಪ್ರಮಾಣದ ಬಾಗಿಲು ಹಳೆಯ ತಪ್ಪನ್ನು ತಿದ್ದಲು ಇಟ್ಟದ್ದಲ್ಲ.

ಎರಡನೆಯದು ವೇರಿಯೇಷನ್ನಿನ ಬಾಗಿಲು. ಎಂಜಿನಿಯರ್ 13ನೇ ಷರತ್ತಿನಡಿ ಆದೇಶ ಕೊಟ್ಟಿರಬೇಕು, ಆ ಕೆಲಸಕ್ಕೆ ಬಿ.ಒ.ಕ್ಯೂ.ನಲ್ಲಿ ದರ ಇರಬಾರದು, ಮತ್ತು ಇರುವ ಯಾವ ದರವೂ ಹೊಂದುವಂತಿರಬಾರದು. ಹೊಂದುವುದಿಲ್ಲ ಎನ್ನಲು ಕೆಲಸದ ಸ್ವರೂಪ ಬೇರೆಯಾಗಿರಬೇಕು, ಇಲ್ಲವೇ ಅದನ್ನು ಮಾಡುವ ಸಂದರ್ಭ ಬೇರೆಯಾಗಿರಬೇಕು. ಈ ಸಂದರ್ಭ ಎಂಬ ಮಾತಿನ ಮೇಲೂ ಇಂಗ್ಲೆಂಡಿನಲ್ಲಿ ವ್ಯಾಜ್ಯ ನಡೆದಿದೆ. 1993ರ ವೇಟ್ಸ್ ಮತ್ತು ಬ್ರೆಡೆರೊ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದಂತೆ, ಹೋಲಿಸಬೇಕಾದದ್ದು ಒಪ್ಪಂದದ ದಾಖಲೆಗಳಿಂದ ಕಾಣುವ ಸಂದರ್ಭವನ್ನು, ಮಾತುಕತೆಯ ವೇಳೆ ಎರಡೂ ಕಡೆಯವರ ತಲೆಯಲ್ಲಿ ಇದ್ದದ್ದನ್ನಲ್ಲ. ‘ಟೆಂಡರ್ ಮೀಟಿಂಗಿನಲ್ಲಿ ಹೀಗೆ ಅಂದಿದ್ದರು’ ಎಂಬ ನೆನಪಿಗೆ ಅಲ್ಲಿ ಜಾಗವಿಲ್ಲ.

ಈ ಬಾಗಿಲಿನಿಂದ ಏನೇನು ಬರಬಹುದು ಎಂಬುದೂ ಷರತ್ತಿನಲ್ಲಿದೆ: ಗುಣಮಟ್ಟ, ಮಟ್ಟ, ಅಳತೆ, ಜಾಗ, ಕೆಲಸದ ಕ್ರಮ ಬದಲಾಗುವುದು, ಹೆಚ್ಚುವರಿ ಕೆಲಸ, ಇದ್ದ ಕೆಲಸವನ್ನು ಕೈಬಿಡುವುದು. ಕೈಬಿಡುವುದಕ್ಕೆ ಒಂದು ಮಿತಿ ಇದೆ. ನಿಮ್ಮಿಂದ ಕಿತ್ತುಕೊಂಡು ಇನ್ನೊಬ್ಬರಿಂದ ಮಾಡಿಸಲೆಂದು ಕೆಲಸ ಕೈಬಿಡುವಂತಿಲ್ಲ. ಪ್ರಮಾಣದ ಬದಲಾವಣೆಯೂ ಪಟ್ಟಿಯಲ್ಲಿದೆ, ಆದರೆ ಅದು ವೇರಿಯೇಷನ್ ಆಗಲೇಬೇಕೆಂದಿಲ್ಲ ಎಂಬ ಟಿಪ್ಪಣಿಯ ಜೊತೆಗೆ. ನಮ್ಮ ಸೇತುವೆಯಲ್ಲಿ ಪೈಲ್ ತಾನಾಗಿ ಉದ್ದವಾದದ್ದು ಬರೀ ಅಳತೆಯ ವಿಷಯ. ‘ಇನ್ನುಳಿದ 300 ಮೀಟರ್ ಪೈಲನ್ನು 1,200 ಮಿಲಿಮೀಟರ್ ವ್ಯಾಸಕ್ಕೆ ಮಾಡಿ’ ಎಂದು ಎಂಜಿನಿಯರ್ ಹೇಳಿದರೆ ಅದು ವೇರಿಯೇಷನ್.

ಆಗ ದರ ಕಟ್ಟುವುದು ಹೇಗೆ? ಎಸ್.ಆರ್. ಪುಸ್ತಕ ತೆರೆಯುವುದು ನಮ್ಮ ಕಡೆಯವರ ಮೊದಲ ಯೋಚನೆ. ಒಪ್ಪಂದ ಹಾಗೆ ಹೇಳದಿದ್ದರೆ ಫಿಡಿಕ್‌ನಲ್ಲಿ ಅದಕ್ಕೆ ಸ್ಥಾನವಿಲ್ಲ. ಬಿ.ಒ.ಕ್ಯೂ.ನಲ್ಲೇ ಇರುವ ಹತ್ತಿರದ ದರವನ್ನು ಹಿಡಿದು, ಬದಲಾದ ಅಂಶಗಳಿಗೆ ತಕ್ಕಷ್ಟು ಹೊಂದಿಸಬೇಕು. ಹತ್ತಿರದ್ದು ಯಾವುದೂ ಇಲ್ಲದಿದ್ದರೆ ಮಾತ್ರ ನ್ಯಾಯವಾದ ಖರ್ಚು, ಅದರ ಮೇಲೆ ನ್ಯಾಯವಾದ ಲಾಭ. ಇಲ್ಲಿ 1,000 ಮಿಲಿಮೀಟರಿನ ದರ ಕೈಯಲ್ಲಿದೆ. ವ್ಯಾಸ 1.2 ಪಟ್ಟಾದರೆ ಅಡ್ಡಕೊಯ್ತ 1.44 ಪಟ್ಟು. 9,000ವನ್ನು 1.44ರಿಂದ ಗುಣಿಸಿ 12,960 ಎಂದು ಗುತ್ತಿಗೆದಾರನ ಕಡೆಯವರು ಬರೆಯುತ್ತಾರೆ. ಅದು ನಿಲ್ಲುವುದಿಲ್ಲ. ಕಾಂಕ್ರೀಟ್ 1.44 ಪಟ್ಟು ಹೆಚ್ಚುವುದು ಖಂಡಿತ. ರಿಗ್ ಒಂದು ಮೀಟರ್ ಕೊರೆಯಲು ಹಿಡಿಯುವ ಸಮಯ ಅಷ್ಟೇ ಹೆಚ್ಚಬೇಕೆಂದಿಲ್ಲ.

9,000ದಲ್ಲಿ ಕಾಂಕ್ರೀಟಿನ ಪಾಲು 4,700, ಕೊರೆತ ಮುಂತಾದವುಗಳ ಪಾಲು 4,300 ಎಂದಿಟ್ಟುಕೊಳ್ಳಿ. ಕಬ್ಬಿಣಕ್ಕೆ ಬೇರೆ ಐಟಂ ಇದೆ. ಸೈಟಿನ ಪೈಲಿಂಗ್ ದಾಖಲೆಯಲ್ಲಿ ಹಳೆಯ ವ್ಯಾಸಕ್ಕೆ ಮೀಟರಿಗೆ ಸರಾಸರಿ 20 ನಿಮಿಷ, ಹೊಸದಕ್ಕೆ 25 ನಿಮಿಷ ಎಂದಿದ್ದರೆ ಕೊರೆತದ ಪಾಲು ಶೇ. 25 ಹೆಚ್ಚಿ 5,375 ಆಗುತ್ತದೆ. ಕಾಂಕ್ರೀಟ್ 6,768. ಒಟ್ಟು 12,143. 12,960ಕ್ಕೂ ಇದಕ್ಕೂ ಮೀಟರಿಗೆ 817 ರೂಪಾಯಿ ಅಂತರ, 300 ಮೀಟರಿಗೆ ಸುಮಾರು ಎರಡೂವರೆ ಲಕ್ಷ. ಇನ್ನೊಂದು ಕಡೆಯಿಂದ ಮಾಲೀಕರು ‘ಅದೇ ರಿಗ್, ಅದೇ ಜನ, ಕಾಂಕ್ರೀಟಿಗೆ ಮಾತ್ರ ಹೆಚ್ಚು ಕೊಡುತ್ತೇವೆ’ ಎಂದು 11,068ಕ್ಕೆ ಎಳೆಯಬಹುದು. ಅವರನ್ನು ತಡೆದು ನಿಲ್ಲಿಸುವುದು ಆ 25 ನಿಮಿಷ. ಅದನ್ನು ಬರೆದಿಡುವವರು ಕ್ವಾಂಟಿಟಿ ಸರ್ವೇಯರ್ ಅಲ್ಲ, ಪೈಲಿನ ಬಳಿ ನಿಂತ ಸೈಟ್ ಎಂಜಿನಿಯರ್. ದಿನದ ವರದಿಯಲ್ಲಿ ‘ಪೈಲ್ ಕೆಲಸ ನಡೆಯಿತು’ ಎಂದಷ್ಟೇ ಇದ್ದರೆ ಆರು ತಿಂಗಳ ನಂತರ ಆ ನಿಮಿಷಗಳನ್ನು ಎಲ್ಲಿಂದಲೂ ತರಲಾಗದು. ದರ ಇತ್ಯರ್ಥವಾಗುವವರೆಗೆ ಎಂಜಿನಿಯರ್ ತಾತ್ಕಾಲಿಕ ದರವೊಂದನ್ನು ಗೊತ್ತು ಮಾಡಿ ಮಧ್ಯಂತರ ಬಿಲ್ ಪಾಸು ಮಾಡಬೇಕು. ಇದನ್ನು ಕೇಳಿ ಪಡೆಯದೆ, ಚರ್ಚೆ ಮುಗಿಯುವ ತನಕ ಒಂದು ರೂಪಾಯಿಯೂ ಇಲ್ಲದೆ ಕಾಯುವ ಸೈಟುಗಳು ಬೇಕಾದಷ್ಟಿವೆ.

ಈ ಲೆಕ್ಕವೆಲ್ಲ ಸರಿ ಬರಬೇಕಾದರೆ ಮೊದಲು ಆದೇಶ ಇರಬೇಕು. ಎಂಜಿನಿಯರ್ ಆದೇಶಿಸುವ ಅಥವಾ ಒಪ್ಪುವ ತನಕ ಗುತ್ತಿಗೆದಾರ ಕಾಯಂ ಕೆಲಸದಲ್ಲಿ ಯಾವ ಬದಲಾವಣೆಯನ್ನೂ ಮಾಡತಕ್ಕದ್ದಲ್ಲ ಎಂದು ಷರತ್ತು ಹೇಳುತ್ತದೆ. ಅಲ್ಲಿರುವ ಪದ ‘ಶ್ಯಾಲ್ ನಾಟ್’. ‘ಮೇ’ ಎಂದಿದ್ದರೆ ಮಾಡಬಹುದು, ‘ಶ್ಯಾಲ್’ ಎಂದಿದ್ದರೆ ಮಾಡಲೇಬೇಕು, ‘ಶ್ಯಾಲ್ ನಾಟ್’ ಎಂದಿದ್ದರೆ ಮಾಡಲೇಬಾರದು. ಸೈಟಿನಲ್ಲಿ ಆಗುವುದೇ ಬೇರೆ. ಮಾಲೀಕರ ಕಚೇರಿಯ ಹಿರಿಯರೊಬ್ಬರು ಬರುತ್ತಾರೆ, ಗೋಡೆ ನೋಡುತ್ತಾರೆ, ‘ಇದನ್ನು ಅರ್ಧ ಮೀಟರ್ ಆಚೆ ತಗೊಳ್ಳಿ, ಬಿಲ್ ಆಮೇಲೆ ನೋಡೋಣ’ ಎಂದು ಹೋಗುತ್ತಾರೆ. ದೊಡ್ಡವರ ಮಾತಿಗೆ ಇಲ್ಲ ಎನ್ನಲಾಗದೆ ಸೈಟ್ ಎಂಜಿನಿಯರ್ ಗೋಡೆ ಒಡೆಸುತ್ತಾರೆ. ಫಿಡಿಕ್ ಪ್ರಕಾರ ಆದೇಶ ಕೊಡುವ ಅಧಿಕಾರ ಇರುವುದು ಎಂಜಿನಿಯರಿಗೆ ಅಥವಾ ಅವರು ಬರಹದಲ್ಲಿ ಅಧಿಕಾರ ವಹಿಸಿದ ಸಹಾಯಕರಿಗೆ ಮಾತ್ರ. ಆ ಹಿರಿಯರು ಮಾಲೀಕರೇ ಆಗಿದ್ದರೂ ಅವರ ಬಾಯಿಮಾತು ವೇರಿಯೇಷನ್ ಅಲ್ಲ. ಯಾರಿಗೆ ಅಧಿಕಾರ ವಹಿಸಲಾಗಿದೆ ಎಂಬ ಪತ್ರ ಪ್ರಾಜೆಕ್ಟ್ ಕಚೇರಿಯ ಫೈಲಿನಲ್ಲಿರುತ್ತದೆ. ಅದರ ಒಂದು ಪ್ರತಿ ಸೈಟಿನ ಶೆಡ್ಡಿನಲ್ಲೂ ಇರಬೇಕು.

ಅಧಿಕಾರ ಇರುವವರೇ ಬಾಯಲ್ಲಿ ಹೇಳಿದರೆ ಏನು ಮಾಡುವುದು ಎಂಬುದಕ್ಕೆ 1999ರ ಪುಸ್ತಕದಲ್ಲಿ ದಾರಿ ಇದೆ. ಸೋಮವಾರ ಸಂಜೆ ಎಂಜಿನಿಯರ ಅಧಿಕೃತ ಸಹಾಯಕರು ಪೈಲಿನ ಬಳಿ ನಿಂತು ‘ನಾಳೆಯಿಂದ 1,200 ವ್ಯಾಸ’ ಎಂದರು. ಎರಡು ಕೆಲಸದ ದಿನಗಳೊಳಗೆ, ಅಂದರೆ ಬುಧವಾರದೊಳಗೆ, ಗುತ್ತಿಗೆದಾರನ ಪತ್ರ ಅವರ ಕೈ ಸೇರಬೇಕು: ಯಾರು, ಯಾವಾಗ, ಎಲ್ಲಿ, ಏನು ಹೇಳಿದರು, ಯಾವ ಪೈಲಿನಿಂದ ಯಾವ ಪೈಲಿನವರೆಗೆ, ಇದನ್ನು ವೇರಿಯೇಷನ್ ಎಂದು ಪರಿಗಣಿಸುತ್ತಿದ್ದೇವೆ. ಹೆಚ್ಚು ದಿನವೋ ಹೆಚ್ಚು ಹಣವೋ ಬೇಕಾಗುವಂತಿದ್ದರೆ ಕ್ಲೇಮಿನ ನೋಟಿಸಿಗೆ ಬೇರೆಯೇ ಗಡುವಿದೆ. ವಿಷಯ ಗೊತ್ತಾದ ಅಥವಾ ಗೊತ್ತಾಗಬೇಕಾಗಿದ್ದ ದಿನದಿಂದ 28 ದಿನ. ಅದನ್ನು ಮೀರಿದರೆ ಹಕ್ಕೇ ಹೋಗುತ್ತದೆ ಎಂದು 20ನೇ ಷರತ್ತು ಬರೆದಿದೆ. ಈಗಿನ ಪತ್ರಕ್ಕೆ ಅಷ್ಟು ದಿನವಿಲ್ಲ. ಆರು ಸಾಲಾದರೂ ಸಾಕು, ತಲುಪಿದ್ದಕ್ಕೆ ದಿನಾಂಕದ ಸಹಿ ಬೇಕು. ಬುಧವಾರ ಪತ್ರ ತಲುಪಿ, ಶುಕ್ರವಾರ ಕಳೆಯುವವರೆಗೂ ಆ ಕಡೆಯಿಂದ ಬರಹದಲ್ಲಿ ತಿರಸ್ಕಾರವಾಗಲಿ ಬೇರೆ ಆದೇಶವಾಗಲಿ ಬರದಿದ್ದರೆ, ಗುತ್ತಿಗೆದಾರ ಬರೆದ ಆ ಪತ್ರವೇ ಎಂಜಿನಿಯರ ಲಿಖಿತ ಆದೇಶವಾಗುತ್ತದೆ.